ಫೋಟೊದಲ್ಲಿ ಕತ್ತರಿಸಿಹೋದ ಪುಟ್ಟ ಚಿತ್ರ

ಸಂಖ್ಯಾಶಾಸ್ತ್ರದ ಬಹುತೇಕ ಪಠ್ಯಪುಸ್ತಕಗಳ ಕೊನೆಯಲ್ಲಿ ಒಂದು ಕೋಷ್ಟಕ ಇರುತ್ತದೆ. ಎಡಬದಿಯಲ್ಲಿ 0.0, 0.1, 0.2 ಎಂದು ಇಳಿಯುವ ಸಾಲುಗಳು, ತಲೆಯ ಮೇಲೆ .00ರಿಂದ .09ರವರೆಗೆ ಹತ್ತು ಕಂಬಸಾಲುಗಳು, ನಡುವೆ ಬರೀ ದಶಮಾಂಶಗಳು. ಪರೀಕ್ಷೆ ಹತ್ತಿರವಾದಾಗ ಲೆಕ್ಕದ ಜತೆಗೆ ಈ ಪುಟದ ಫೋಟೊ ಕೂಡ ಫೋನಿನಿಂದ ಫೋನಿಗೆ ಹೋಗುತ್ತದೆ. ಅಂಕಿಗಳೆಲ್ಲ ಸ್ಪಷ್ಟವಾಗಿ ಬಂದಿರುತ್ತವೆ. ಅವುಗಳ ಮೇಲಿದ್ದ ಪುಟ್ಟ ಚಿತ್ರ ಮಾತ್ರ ಚೌಕಟ್ಟಿನ ಹೊರಗೆ ಉಳಿದಿರುತ್ತದೆ. ಗಂಟೆಯಾಕಾರದ ರೇಖೆಯ ಕೆಳಗೆ ಯಾವ ಭಾಗಕ್ಕೆ ಬಣ್ಣ ಹಚ್ಚಿದೆ ಎಂದು ಹೇಳುವುದು ಆ ಚಿತ್ರವೇ. ಅದಿಲ್ಲದಿದ್ದರೆ ಲೆಕ್ಕ ಸರಿ ಮಾಡಿದವರೂ ಉತ್ತರ ತಪ್ಪಬಹುದು.

ಇದನ್ನು ಒಂದು ನಿಜವಾದ ಪಟ್ಟಿಯ ಮೇಲೆ ನೋಡಬಹುದು. ಬೆಲ್ಜಿಯಂನ ಖಗೋಳಜ್ಞ ಅಡಾಲ್ಫ್ ಕೆಟಲೆ 1846ರಲ್ಲಿ 5,738 ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆಯನ್ನು ಪ್ರಕಟಿಸಿದ. ಅಳತೆಗಳು 33 ಇಂಚಿನಿಂದ 48 ಇಂಚಿನವರೆಗೆ ಹರಡಿವೆ. ಸರಾಸರಿ ಸುಮಾರು 39.83 ಇಂಚು, ಮಾನಕ ವಿಚಲನೆ ಸುಮಾರು 2.05 ಇಂಚು. ಮನುಷ್ಯರ ಅಳತೆಗಳು ನಾರ್ಮಲ್ ವಿತರಣೆಯನ್ನು ಅನುಸರಿಸುತ್ತವೆ ಎಂದು ಕೆಟಲೆ ವಾದಿಸಿದ್ದು ಈ ಪಟ್ಟಿಯನ್ನು ಮುಂದಿಟ್ಟುಕೊಂಡೇ.

ಪ್ರಶ್ನೆ ಹೀಗಿರಲಿ: 43 ಇಂಚು ಅಥವಾ ಅದಕ್ಕಿಂತ ಹೆಚ್ಚು ಸುತ್ತಳತೆ ಇದ್ದವರು ಎಷ್ಟು ಮಂದಿ?

ಮೊದಲು ಇಂಚನ್ನು z ಅಂಕಕ್ಕೆ ಬದಲಾಯಿಸಬೇಕು. ಅಳತೆಯಿಂದ ಸರಾಸರಿಯನ್ನು ಕಳೆದು, ಉಳಿದದ್ದನ್ನು ಮಾನಕ ವಿಚಲನೆಯಿಂದ ಭಾಗಿಸಿದರೆ ಆಯಿತು:

z = (x − μ) / σ

ಇಲ್ಲಿ x ಎಷ್ಟು ಎಂಬಲ್ಲೇ ಒಂದು ಸೂಕ್ಷ್ಮವಿದೆ. ಅಳತೆಗಳು ಪೂರ್ಣ ಇಂಚಿಗೆ ಸರಿಹೊಂದಿಸಿದವು, 42.6 ಇಂಚಿನ ಎದೆಯೂ ಪಟ್ಟಿಯಲ್ಲಿ 43 ಎಂದೇ ಸೇರುತ್ತದೆ. ಹಾಗಾಗಿ ಗಡಿ ಇರುವುದು 42.5ರಲ್ಲಿ. (42.5 − 39.83) / 2.05 ಎಂದರೆ 1.30. ಆ ಅಳತೆ ಸರಾಸರಿಗಿಂತ 1.30 ಮಾನಕ ವಿಚಲನೆಯಷ್ಟು ಮೇಲಿದೆ ಎಂದು ಇದರ ಅರ್ಥ.

ಈಗ ಕೋಷ್ಟಕ. 1.3ರ ಸಾಲು, .00ರ ಕಂಬ. ಒಂದು ಪುಸ್ತಕದಲ್ಲಿ ಅಲ್ಲಿ 0.4032 ಇರುತ್ತದೆ, ಇನ್ನೊಂದರಲ್ಲಿ 0.9032. ಎರಡೂ ಸರಿಯೇ. ಮೊದಲನೆಯದು ನಡುಗೆರೆಯಿಂದ z ವರೆಗಿನ ಭಾಗವನ್ನಷ್ಟೇ ಅಳೆಯುತ್ತದೆ. ಎರಡನೆಯದು ಎಡತುದಿಯಿಂದ z ವರೆಗೆ ಎಲ್ಲವನ್ನೂ ಕೂಡಿಸಿ ಹೇಳುತ್ತದೆ. ಚಿತ್ರ ಕತ್ತರಿಸಿಹೋಗಿದ್ದರೆ ಮೊದಲ ಸಾಲಿನ ಮೊದಲ ಅಂಕಿಯನ್ನು ನೋಡಿದರೆ ಸಾಕು. z ಸೊನ್ನೆ ಇರುವಲ್ಲಿ 0.0000 ಇದ್ದರೆ ಮೊದಲ ಬಗೆ, 0.5000 ಇದ್ದರೆ ಎರಡನೆಯದು. ಫೋಟೊದಲ್ಲಿ ಆ ಮೂಲೆಯೂ ಬಂದಿಲ್ಲವಾದರೆ 1.00ರ ಎದುರು ನೋಡಬೇಕು: 0.3413 ಅಥವಾ 0.8413.

ಬೇಕಾಗಿರುವುದು ಬಲಬದಿಯ ಬಾಲ. ಮೊದಲ ಬಗೆಯಲ್ಲಿ 0.5ರಿಂದ 0.4032 ಕಳೆಯಬೇಕು, ಎರಡನೆಯದರಲ್ಲಿ 1ರಿಂದ 0.9032. ಎರಡೂ ದಾರಿಯಲ್ಲಿ ಸಿಗುವುದು 0.0968. ಇದನ್ನು 5,738ರಿಂದ ಗುಣಿಸಿದರೆ ಸುಮಾರು 555 ಸೈನಿಕರು. ಕೆಟಲೆಯ ಪಟ್ಟಿಯಲ್ಲಿ ಇರುವವರು 538! ಎರಡೇ ಎರಡು ಸಂಖ್ಯೆಗಳಿಂದ, ಸರಾಸರಿ ಮತ್ತು ವಿಚಲನೆಯಿಂದ, ಇಷ್ಟು ಹತ್ತಿರ ಬರುವುದು ನಿಜಕ್ಕೂ ಬೆರಗಿನ ಸಂಗತಿ.

ಕೋಷ್ಟಕದ ಬಗೆ ಅದಲುಬದಲಾದರೆ ಏನಾಗುತ್ತದೆ? 0.4032ನ್ನು 1ರಿಂದ ಕಳೆದವರಿಗೆ 0.5968 ಸಿಗುತ್ತದೆ. ಅಂದರೆ ಅರ್ಧಕ್ಕಿಂತ ಹೆಚ್ಚು ಸೈನಿಕರ ಎದೆ 43 ಇಂಚೋ ಅದಕ್ಕಿಂತ ಹೆಚ್ಚೋ ಇರಬೇಕು. ಸರಾಸರಿಯೇ 39.83 ಇರುವಾಗ ಅದು ಸಾಧ್ಯವಿಲ್ಲ: ಗಂಟೆರೇಖೆಯಲ್ಲಿ ಸರಾಸರಿಯ ಬಲಕ್ಕಿರುವುದು ಸರಿಯಾಗಿ ಅರ್ಧ, ಅದಕ್ಕೂ ಆಚೆಗಿನ ತುಂಡು ಅರ್ಧಕ್ಕಿಂತ ಕಡಿಮೆಯೇ ಇರಬೇಕು. ಅರ್ಧ ಇಂಚನ್ನು ಮರೆತು 43ನ್ನೇ ಹಾಕಿದ ತಪ್ಪು ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆಗ z 1.55 ಆಗಿ ಉತ್ತರ ಸುಮಾರು 348ಕ್ಕೆ ಇಳಿಯುತ್ತದೆ, ನೋಡಲು ಒಪ್ಪುವಂತೆಯೇ ಇರುತ್ತದೆ. ಓರೆಯಾಗಿ ತೆಗೆದ ಫೋಟೊದಲ್ಲಿ ಕಣ್ಣು ಒಂದು ಸಾಲು ಜಾರುವುದೂ ಉಂಟು. ಅದಕ್ಕೆ ಹಿಂದಿನ ಸಾಲಿನ ಕೊನೆಯ ಅಂಕಿಯನ್ನು ನೋಡುವುದು ಒಳ್ಳೆಯದು: 1.29ಕ್ಕೆ 0.4015, ಮರುಹೆಜ್ಜೆಯಲ್ಲಿ 0.4032. ಏರಿಕೆ ಎಲ್ಲೂ ನೆಗೆಯಬಾರದು.

ಋಣ z ಬಂದರೂ ಹೆದರಬೇಕಿಲ್ಲ, ರೇಖೆಯ ಎರಡೂ ಬದಿ ಒಂದೇ ಸಮ. 37ರಿಂದ 42 ಇಂಚಿನವರನ್ನು ಎಣಿಸಲು ಕೆಳಗಿನ ಗಡಿ 36.5, ಅದರ z −1.62. ಮೊದಲ ಬಗೆಯ ಕೋಷ್ಟಕದಲ್ಲಿ 1.62ರ ಎದುರು 0.4474 ಇದೆ. ಗಡಿಗಳು ಸರಾಸರಿಯ ಆಚೀಚೆ ಇರುವುದರಿಂದ 0.4032ನ್ನು ಇದಕ್ಕೆ ಕೂಡಬೇಕು. ಮೊತ್ತ 0.8506, ಸುಮಾರು 4,881 ಮಂದಿ. ಪಟ್ಟಿಯಲ್ಲಿರುವುದು 4,913.

ತುದಿಗಳತ್ತ ಹೋದಂತೆ ಈ ಹೊಂದಾಣಿಕೆ ಸಡಿಲವಾಗುತ್ತದೆ. 44 ಇಂಚು ಮತ್ತು ಹೆಚ್ಚಿನವರು ಸುಮಾರು 211 ಎಂದು ರೇಖೆ ಹೇಳುತ್ತದೆ, ಪಟ್ಟಿಯಲ್ಲಿ 168 ಮಾತ್ರ. 43ರಲ್ಲಿ 370 ಇದ್ದವರು 44ಕ್ಕೆ ಬರುವಾಗ ಒಮ್ಮೆಲೇ 92ಕ್ಕೆ ಕುಸಿದಿದ್ದಾರೆ. ಅಷ್ಟು ಕಡಿದಾದ ಇಳಿತ ಗಂಟೆರೇಖೆಯಲ್ಲಿ ಆ ಜಾಗದಲ್ಲಿ ಇಲ್ಲ.