ಮಂಡಿಯ ಎಕ್ಸ್‌ರೇಯಲ್ಲಿ ‘ಗ್ರೇಡ್ 3’ ಎಂದರೆ

‘ಗ್ರೇಡ್ 3 ಅಂತೆ, ಗ್ಯಾಪೇ ಉಳಿದಿಲ್ಲವಂತೆ.’ ಮಂಡಿನೋವಿಗೆ ಎಕ್ಸ್‌ರೇ ತೆಗೆಸಿ ಬಂದವರು ಹೀಗೆ ಹೇಳಿಕೊಳ್ಳುವುದುಂಟು. ಈ ಗ್ರೇಡಿನ ಲೆಕ್ಕವನ್ನು 1957ರಲ್ಲಿ ಕೊಟ್ಟವರು ಇಂಗ್ಲೆಂಡಿನ ವೈದ್ಯರಾದ ಕೆಲ್‌ಗ್ರೆನ್ ಮತ್ತು ಲಾರೆನ್ಸ್. ಸೊನ್ನೆಯಿಂದ ನಾಲ್ಕರವರೆಗಿನ ಈ ಲೆಕ್ಕದಲ್ಲಿ ನೋವಿನ ಪ್ರಸ್ತಾಪವೇ ಇಲ್ಲ.

ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ ಮಾತ್ರ. ತೊಡೆಮೂಳೆಗೂ ಕಾಲ್ಮೂಳೆಗೂ ನಡುವೆ ಕಪ್ಪಗೆ ಕಾಣುವ ಜಾಗ ಖಾಲಿಯಲ್ಲ. ಮೃದ್ವಸ್ಥಿ, ಅಂದರೆ ಕಾರ್ಟಿಲೇಜ್, ಮತ್ತು ಅದರ ಜೊತೆಗಿನ ಮಿನಿಸ್ಕಸ್ ಅಲ್ಲಿವೆ. ಅವು ಸವೆದರೆ ಅಥವಾ ಮಿನಿಸ್ಕಸ್ ಜಾಗ ಬಿಟ್ಟು ಹೊರಸರಿದರೆ ಗ್ಯಾಪ್ ಕಿರಿದಾಗುತ್ತದೆ. ಕೀಲಿನ ಅಂಚಿನಲ್ಲಿ ಹಕ್ಕಿಯ ಕೊಕ್ಕಿನಂತೆ ಮೂಳೆ ಬೆಳೆಯುವುದೂ ಉಂಟು. ಈ ಕೊಕ್ಕು ಖಚಿತವಾಗಿ ಕಂಡರೆ ಗ್ರೇಡ್ 2. ಗ್ಯಾಪ್ ಕಿರಿದಾಗಿರುವುದೂ ಖಚಿತವಾದರೆ 3. ಗ್ಯಾಪ್ ಬಹುತೇಕ ಮುಚ್ಚಿ, ಮೂಳೆಯ ಆಕಾರವೇ ಕೆಟ್ಟಿದ್ದರೆ 4.

ಇಲ್ಲೊಂದು ಎಡವಟ್ಟಿದೆ. ಐವತ್ತೆಂಟರ ಮಹಿಳೆಯೊಬ್ಬರಿದ್ದಾರೆ ಎಂದುಕೊಳ್ಳಿ. ಮಲಗಿಸಿ ತೆಗೆದ ಫಿಲ್ಮಿನಲ್ಲಿ ಅವರ ಬಲ ಮಂಡಿಯ ಒಳಬದಿಯ ಗ್ಯಾಪ್ 4 ಮಿಲಿಮೀಟರ್, ಅಂಚಿನಲ್ಲಿ ಸಣ್ಣ ಕೊಕ್ಕು. ಗ್ರೇಡ್ 2 ಎಂದು ಬರೆದರು. ಅದೇ ದಿನ ನಿಲ್ಲಿಸಿ ತೆಗೆದರೆ ಗ್ಯಾಪ್ 2 ಮಿಲಿಮೀಟರ್, ಗ್ರೇಡ್ 3. ಮಂಡಿ ಬದಲಾಗಿಲ್ಲ. ಮಲಗಿದಾಗ ಮೈಭಾರ ಬೀಳದೆ ಮೂಳೆಗಳು ದೂರವೇ ಉಳಿದಿದ್ದವು, ಅಷ್ಟೆ. ಆದ್ದರಿಂದ ‘ನಿಲ್ಲಿಸಿ ತೆಗೆದಿದ್ದೋ?’ ಎಂದು ಕೇಳುವುದು ಒಳ್ಳೆಯದು. ಮಂಡಿಚಿಪ್ಪಿನ ಹಿಂದಿನ ಸವೆತವಂತೂ ಮುಂದಿನಿಂದ ತೆಗೆದ ಚಿತ್ರದಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಮೆಟ್ಟಿಲು ಇಳಿಯುವಾಗ ನೋಯುವವರಿಗೆ ‘ಎಕ್ಸ್‌ರೇ ಚೆನ್ನಾಗಿದೆ’ ಎಂಬ ಉತ್ತರ ಸಿಗಲು ಇದೂ ಒಂದು ಕಾರಣ.

ಇನ್ನು ನೋವಿನ ವಿಷಯ. ಕಾರ್ಟಿಲೇಜಿನಲ್ಲಿ ನರವೇ ಇಲ್ಲ, ಸವೆತ ತಾನಾಗಿ ನೋಯುವಂಥದ್ದಲ್ಲ. ನೋಯುವುದು ಅದರ ಕೆಳಗಿನ ಮೂಳೆ ಮತ್ತು ಊದಿಕೊಂಡ ಒಳಪೊರೆ. ಇವೆರಡೂ ಎಂಆರ್‌ಐಯಲ್ಲಿ ಕಂಡಷ್ಟು ಎಕ್ಸ್‌ರೇಯಲ್ಲಿ ಕಾಣವು. ಅದಕ್ಕೇ ಗ್ರೇಡ್ 3ರವರು ಆರಾಮಾಗಿ ಓಡಾಡುವುದೂ ಗ್ರೇಡ್ 1ರವರು ನರಳುವುದೂ ಉಂಟು. ಹಾಗೆಂದು ಚಿತ್ರಕ್ಕೂ ನೋವಿಗೂ ಸಂಬಂಧವೇ ಇಲ್ಲ ಎನ್ನುವುದನ್ನು ನಾನು ಒಪ್ಪೆ. ಒಬ್ಬರ ನೋವನ್ನು ಇನ್ನೊಬ್ಬರದಕ್ಕೆ ಹೋಲಿಸಿದರೆ ಮೈಕಟ್ಟು, ಮನಸ್ಸು, ನಿದ್ದೆ, ತಾಳಿಕೆ ಎಲ್ಲ ನಡುವೆ ಬರುತ್ತವೆ. 2009ರಲ್ಲಿ ಅಮೆರಿಕದ ಸಂಶೋಧಕರು ಒಂದು ಜಾಣತನ ಮಾಡಿದರು: ಒಂದು ಮಂಡಿ ನೋಯುವ, ಇನ್ನೊಂದು ನೋಯದ ಜನರನ್ನು ಆರಿಸಿ ಅವರವರ ಎರಡು ಮಂಡಿಗಳನ್ನೇ ಹೋಲಿಸಿದರು. ಆಗ ಗ್ರೇಡ್ ಹೆಚ್ಚಿದ್ದ ಮಂಡಿಯೇ ನೋಯುವ ಸಾಧ್ಯತೆ ಸ್ಪಷ್ಟವಾಗಿ ಹೆಚ್ಚಿತ್ತು. ಮೂಳೆಯ ಕೊಕ್ಕಿಗಿಂತ ಗ್ಯಾಪ್ ಕಿರಿದಾಗುವುದಕ್ಕೇ ನೋವಿನ ನಂಟು ಗಟ್ಟಿಯಾಗಿತ್ತು.

ಹಾಗಾಗಿ ‘ಮೂಳೆ ಬೆಳೆದಿದೆ’ ಎಂಬ ಒಂದೇ ಮಾತಿಗೆ ಹೆದರಬೇಕಿಲ್ಲ. ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಯ ಮಾತು ಬಂದಾಗಲೂ ಒಳ್ಳೆಯ ಮೂಳೆ ಡಾಕ್ಟರು ಫಿಲ್ಮಿನ ಜೊತೆಗೆ ರಾತ್ರಿ ನೋವಿನಿಂದ ಎಚ್ಚರವಾಗುತ್ತದೆಯೇ, ಎಷ್ಟು ದೂರ ನಡೆಯಲಾಗುತ್ತದೆ ಎಂದು ಕೇಳುತ್ತಾರೆ. ಸೊಂಟದ ಕೀಲನ್ನೂ ತಿರುಗಿಸಿ ನೋಡುತ್ತಾರೆ, ಏಕೆಂದರೆ ಅಲ್ಲಿನ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದುಂಟು.