ಹನ್ನೆರಡು ಕಟ್ಟು, ಹನ್ನೊಂದು ಸಂಖ್ಯೆ

ಅಧ್ಯಾಪನದಿಂದ ನಿವೃತ್ತನಾದ ಮೇಲೆ ನಾನೂ ನನ್ನ ಮಡದಿಯೂ ಮೈಸೂರಿನ ನಮ್ಮ ಮನೆಯಿಂದಲೇ ಹಳೆಯ ಕನ್ನಡ ಪುಸ್ತಕಗಳನ್ನು ಮಾರುತ್ತಿದ್ದೇವೆ. ವಾರಕ್ಕೆ ಹತ್ತಿಪ್ಪತ್ತು ಕಟ್ಟುಗಳು ಕೊರಿಯರ್ ಮೂಲಕ ಹೊರಡುತ್ತವೆ. ಇದರಲ್ಲಿ ಲಾಭ ಅಲ್ಪ. ಒಂದು ಕಟ್ಟು ಕಳೆದರೆ ಹತ್ತು ಕಟ್ಟುಗಳ ಲಾಭ ಅದರೊಡನೆ ಹೋಗುತ್ತದೆ. ಆದರೆ ನಾನು ಇಂದು ಹೇಳಹೊರಟಿರುವುದು ಹಣ ಕಳೆದುಕೊಂಡ ಕಥೆಯಲ್ಲ. ನಿರಪರಾಧಿಯೊಬ್ಬನನ್ನು ಕಳ್ಳನೆಂದು ಭಾವಿಸಿದ ಕಥೆ.

ಆ ದಿನ 12 ಕಟ್ಟುಗಳಿದ್ದವು. ಏಳನೆಯದೂ ಎಂಟನೆಯದೂ ಒಂದೇ ಕಾದಂಬರಿಯ ಎರಡು ಪ್ರತಿಗಳು. ಒಂದು ಕಲಬುರಗಿಗೆ, ಇನ್ನೊಂದು ಕಾರವಾರಕ್ಕೆ. ವಿಳಾಸದ ಚೀಟಿಗಳನ್ನು, ಎಂದರೆ ಲೇಬಲ್‌ಗಳನ್ನು, ಮುದ್ರಿಸುವಾಗ ಏಳನೆಯದು ಸ್ವಲ್ಪ ಮುದುಡಿ ಬಂತು. ಅದನ್ನೇ ಇನ್ನೊಮ್ಮೆ ಮುದ್ರಿಸಿದೆ. ಮುದುಡಿದ್ದನ್ನು ಹರಿದು ಹಾಕಲಿಲ್ಲ. ಎಂಟನೆಯ ಚೀಟಿ ಯಂತ್ರದ ಹಿಂಬದಿಯಲ್ಲಿ ಸಿಕ್ಕಿಕೊಂಡದ್ದು ನನಗೆ ಕಾಣಲಿಲ್ಲ. ಎಣಿಸಿ ನೋಡಿದೆ: 12 ಕಟ್ಟು, 12 ಚೀಟಿ. ಲೆಕ್ಕ ಸರಿಯಾಯಿತೆಂದು ಅಂಟಿಸಿಬಿಟ್ಟೆ. ಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಪುಸ್ತಕದ ಹೆಸರನ್ನು ಮಾತ್ರ ಬರೆದಿದ್ದರಿಂದ ತಪ್ಪು ತಿಳಿಯುವ ದಾರಿಯೇ ಇರಲಿಲ್ಲ.

ಸಂಜೆ ಕೊರಿಯರ್ ಹುಡುಗ ಬಂದು ಒಂದೊಂದನ್ನೇ ಸ್ಕ್ಯಾನ್ ಮಾಡಿ ಚೀಲಕ್ಕೆ ಹಾಕಿದ. ಒಂದು ಕಟ್ಟಿಗೆ ಅವನ ಫೋನು ಬೇರೆ ದನಿಯಲ್ಲಿ ಕೂಗಿತು. “ಇದು ಆಗಲೇ ಆಗಿದೆ ಸರ್,” ಎಂದು ಅದನ್ನೂ ಚೀಲಕ್ಕೆ ಹಾಕಿ, ನನ್ನ ಹಾಳೆಯಲ್ಲಿ “12” ಎಂದು ಬರೆದು ರುಜು ಮಾಡಿ ಹೋದ. ಮರುದಿನ ನೋಡಿದರೆ ಕಾರವಾರದ ಸಂಖ್ಯೆಗೆ ಚಲನೆಯೇ ಇಲ್ಲ. ದೂರು ಕೊಟ್ಟೆ. “ನಮಗೆ ಬಂದದ್ದು 11,” ಎಂದರು. ರುಜು ತೋರಿಸಿದೆ. “ರುಜು ಎಣಿಕೆಗೆ, ಸಂಖ್ಯೆಗಳಿಗಲ್ಲ,” ಎಂದರು. ಹಾಗಾದರೆ ದಾರಿಯಲ್ಲಿ ಯಾರೋ ತೆಗೆದಿದ್ದಾರೆಂದು ವಾದಿಸಿದೆ. “ಯಾರೋ” ಎಂದರೆ ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಹುಡುಗ ನಮ್ಮ ಬೀದಿಗೆ ಬರುವುದು ನಿಂತಿತು. ಒಂಬತ್ತನೆಯ ದಿನ ಕಲಬುರಗಿಯ ಓದುಗರು ಫೋನು ಮಾಡಿದರು: “ಸರ್, ಒಂದ ಪುಸ್ತಕ ಕೇಳಿದ್ದೆ, ಎರಡು ಬಂದಾವ್ರಿ.”

ಎರಡು ಕಟ್ಟುಗಳಿಗೂ ಒಂದೇ ವಿಳಾಸ, ಒಂದೇ ಸಂಖ್ಯೆ. ಯಂತ್ರದ ಲೆಕ್ಕದಲ್ಲಿ ಅವೆರಡೂ ಸೇರಿ ಒಂದೇ. ಹಳೆಯ ಓಲೆಗರಿಗಳನ್ನು ಓದುವವರಿಗೆ ಈ ತಪ್ಪು ಅಪರಿಚಿತವಲ್ಲ. ಲಿಪಿಕಾರನು ಒಂದು ಸಾಲನ್ನು ಎರಡು ಸಲ ಬರೆದು, ಮುಂದಿನ ಸಾಲನ್ನು ಬಿಟ್ಟುಬಿಡುತ್ತಾನೆ. ಸಾಲುಗಳ ಎಣಿಕೆ ಮಾತ್ರ ಸರಿಯಾಗಿಯೇ ಇರುತ್ತದೆ. ಮೂವತ್ತು ವರ್ಷ ಇದನ್ನು ವಿದ್ಯಾರ್ಥಿಗಳಿಗೆ ತಿಳಿಸಿಕೊಟ್ಟವನು ನನ್ನ ಮೇಜಿನ ಮೇಲೆಯೇ ಅದನ್ನು ಕಾಣದೆ ಹೋದೆ. ಸಂಸ್ಥೆಗೆ ತಪ್ಪೊಪ್ಪಿಗೆಯ ಪತ್ರ ಬರೆದೆ. ಮೂರು ವಾರಗಳ ಮೇಲೆ ಹುಡುಗ ಮತ್ತೆ ಬಂದ; ಅವನ ಕೂಲಿಯಲ್ಲಿ ಏನು ಕಡಿದಿದ್ದರೆಂದು ಕೇಳಿದರೂ ಹೇಳಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ನಡೆದುಬಂದಿರುವ ಕ್ರಮ ಹೀಗಿದೆ. ಇದರ ತಿರುಳು ಒಂದೇ: ಕಟ್ಟುಗಳನ್ನು ಎಣಿಸುವುದಲ್ಲ, ಸಂಖ್ಯೆಗಳನ್ನು ಹೊಂದಿಸುವುದು.

ಮೊದಲನೆಯದು ಚೀಟಿ. ಕೆಟ್ಟುಬಂದ ಚೀಟಿಯನ್ನು ಎರಡನೆಯದನ್ನು ಮುದ್ರಿಸುವ ಮುನ್ನವೇ ಹರಿದುಹಾಕುತ್ತೇನೆ. ಮಡದಿ ಗ್ರಾಹಕರ ಹೆಸರಿನ ಪಟ್ಟಿ ಹಿಡಿದು ಸಂಖ್ಯೆಯ ಕೊನೆಯ ನಾಲ್ಕು ಅಂಕೆಗಳನ್ನು ಓದುತ್ತಾಳೆ. ನಾನು ಕಟ್ಟಿನ ಮೇಲಿನದನ್ನು ನೋಡಿ ಹೂಂಗುಟ್ಟುತ್ತೇನೆ. ಚೀಟಿಯನ್ನು ಮುದ್ರಿಸುವಾಗ ಹಾಳೆಗೆ ಹೊಂದಲೆಂದು ಕುಗ್ಗಿಸಬಾರದು; ಬಾರ್‌ಕೋಡಿನ ಗೆರೆಗಳು ಒಂದರೊಡನೊಂದು ಕೂಡಿಕೊಳ್ಳುತ್ತವೆ. ಗೆರೆಗಳ ಎರಡು ತುದಿಯಲ್ಲೂ ಇರುವ ಬಿಳಿಯ ಜಾಗ ಖಾಲಿಯಲ್ಲ, ಅದೂ ಬರಹದ ಭಾಗವೇ; ಅದನ್ನು ಕತ್ತರಿಸಿದರೆ ಸಂಖ್ಯೆ ಎಲ್ಲಿ ಆರಂಭವಾಯಿತೆಂದು ಯಂತ್ರಕ್ಕೆ ತಿಳಿಯದು. ಚೀಟಿ ಕಟ್ಟಿನ ಅಂಚಿನ ಮೇಲೆ ಮಡಿಚಿಕೊಳ್ಳದೆ ಸಮತಲವಾಗಿರಬೇಕು. ಬಾರ್‌ಕೋಡಿನ ಮೇಲೆ ಹೊಳೆಯುವ ಟೇಪು ಬೇಡ. ಬೆಳಕು ಅದರಿಂದ ಚಿಮ್ಮಿ ಗೆರೆಗಳು ಮರೆಯಾಗುತ್ತವೆ. ಹಳೆಯ ಡಬ್ಬಿಯನ್ನು ಮತ್ತೆ ಬಳಸುವುದಾದರೆ ಅದರ ಮೇಲಿನ ಹಿಂದಿನ ಬಾರ್‌ಕೋಡನ್ನು ಪೂರ್ತಿ ಮುಚ್ಚಬೇಕು. ಇಲ್ಲವಾದರೆ ಯಂತ್ರ ಅದನ್ನೇ ಓದೀತು.

ಎರಡನೆಯದು ಪಿಕಪ್‌ಗೆ ಹೇಳಿಕಳುಹಿಸುವುದು. ಚೀಟಿ ಮುದ್ರಿಸಿದ ಮಾತ್ರಕ್ಕೆ ಕಟ್ಟು ಕೊರಿಯರಿನವರದಾಗುವುದಿಲ್ಲ. ಅದು ಸಂಖ್ಯೆಯೊಂದು ಹುಟ್ಟಿದ ಸುದ್ದಿ ಮಾತ್ರ. ಆದ್ದರಿಂದ ಎಲ್ಲ ಕಟ್ಟುಗಳನ್ನೂ ಕಟ್ಟಿ, ಹೊಂದಿಸಿದ ಬಳಿಕವೇ ಅಷ್ಟೇ ಕಟ್ಟುಗಳಿಗೆ ಸಮಯ ಗೊತ್ತುಪಡಿಸುತ್ತೇನೆ. 10 ಎಂದು ಹೇಳಿ 12 ಕೊಡಹೋದರೆ ಗೊಂದಲ ಬಾಗಿಲಲ್ಲೇ ಆರಂಭವಾಗುತ್ತದೆ. ಬಂದವನು ಗಡಿಬಿಡಿಯಲ್ಲಿದ್ದರೆ ನಾಳೆ ಬಾ ಎನ್ನುವುದೇ ಲೇಸು.

ಮೂರನೆಯದು ಹಸ್ತಾಂತರ. ಎಲ್ಲ ಸಂಖ್ಯೆಗಳನ್ನೂ ಬರೆದ ಪಟ್ಟಿಯ ಎರಡು ಪ್ರತಿಗಳನ್ನು ಇಟ್ಟುಕೊಳ್ಳುತ್ತೇನೆ. ಅವನು ಸ್ಕ್ಯಾನ್ ಮಾಡಿದಾಗ ನಾಲ್ಕು ಅಂಕೆಗಳನ್ನು ಓದುತ್ತಾನೆ, ನಾನು ಪಟ್ಟಿಯಲ್ಲಿ ಗುರುತು ಹಾಕುತ್ತೇನೆ. ಫೋನು ಬೇರೆ ದನಿ ಮಾಡಿದರೆ ಕೆಲಸ ಅಲ್ಲಿಗೇ ನಿಲ್ಲಬೇಕು. ಆ ಕಟ್ಟು ಚೀಲಕ್ಕಲ್ಲ, ಪಕ್ಕಕ್ಕೆ. ಅಂದು ಇಷ್ಟು ಮಾಡಿದ್ದರೆ ಏಳನೆಯ ಸಂಖ್ಯೆ ಎರಡು ಸಲ ಕೇಳಿಸಿ, ಎಂಟನೆಯದರ ಮುಂದೆ ಪಟ್ಟಿ ಖಾಲಿ ಉಳಿದು, ಎಲ್ಲವೂ ಎರಡು ನಿಮಿಷದಲ್ಲಿ ಬಯಲಾಗುತ್ತಿತ್ತು. ಕೊನೆಗೆ ಅವನ ಫೋನಿನಲ್ಲಿ ಕಾಣುವ ಒಟ್ಟು ಸಂಖ್ಯೆ, ಪಟ್ಟಿಯ ಗುರುತುಗಳು, ಚೀಲದ ಕಟ್ಟುಗಳು, ಈ ಮೂರೂ ಒಂದಾದ ಮೇಲೆ ಎರಡು ಪ್ರತಿಗಳ ಮೇಲೂ ಅವನ ಹೆಸರು, ವೇಳೆ, ರುಜು. ಚೀಟಿಗಳು ಓದಿಬರುವಂತೆ ಒಂದು ಛಾಯಾಚಿತ್ರವನ್ನೂ ತೆಗೆದಿಡುತ್ತೇವೆ.

ನಾಲ್ಕನೆಯದು ಅದೇ ರಾತ್ರಿಯ ನೋಟ. ಸಂಪರ್ಕವಿಲ್ಲದ ಕಡೆ ಕೆಲವು ಫೋನುಗಳು ಸ್ಕ್ಯಾನುಗಳನ್ನು ತಮ್ಮೊಳಗೇ ಇರಿಸಿಕೊಂಡು ಆಮೇಲೆ ಕಳುಹಿಸುತ್ತವೆ. ಹಾಗಾಗಿ ಅವನು ಹೊರಟ ಕೂಡಲೇ ಏನೂ ಕಾಣದಿದ್ದರೆ ಗಾಬರಿ ಬೇಡ. ಆದರೆ ಮಲಗುವ ಮುನ್ನ ಪಟ್ಟಿಯ ಪ್ರತಿಯೊಂದು ಸಂಖ್ಯೆಯನ್ನೂ ನೋಡಿ, ಚಲನೆ ಕಾಣದ್ದನ್ನು ರುಜು ಮಾಡಿದ ಪಟ್ಟಿಯೊಡನೆ ಆಗಲೇ ಬರೆದು ತಿಳಿಸಬೇಕು. ವಾರ ಕಳೆದ ದೂರಿಗೆ ಯಾರ ನೆನಪೂ ಸಾಕ್ಷಿಯಾಗುವುದಿಲ್ಲ.

“ಗೋದಾಮಿನಲ್ಲಿ ಸ್ಕ್ಯಾನ್ ಮಾಡುತ್ತೇವೆ,” ಎಂದು ರಾಶಿಯಾಗಿ ಒಯ್ಯುವವರೂ ಇದ್ದಾರೆ. ಅಂಥವರಿಗೆ ಸಂಖ್ಯೆಗಳ ಪಟ್ಟಿಗೆ ರುಜು ಪಡೆಯದೆ ಕೊಡಬಾರದು. ಬೆಲೆಯುಳ್ಳ ಪುಸ್ತಕವಾದರೆ ನಾನೇ ಅಂಚೆ ಕಚೇರಿಗೆ ಒಯ್ಯುತ್ತೇನೆ. ನಮ್ಮ ಕಾಲದ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಆದರೆ ಒಂದೊಂದು ಕಟ್ಟಿಗೂ ಸಂಖ್ಯೆಯೂ ತೂಕವೂ ಇರುವ ರಸೀತಿ ಅಲ್ಲೇ ಕೈಗೆ ಬರುತ್ತದೆ.

ಈ ಕ್ರಮಕ್ಕೂ ಮಿತಿಯುಂಟು. ಕಟ್ಟು ಕೈದಾಟಿತೆಂಬುದನ್ನು ಅದು ತೋರಿಸುತ್ತದೆ; ಒಳಗೆ ಏನಿತ್ತು, ತೂಕವೆಷ್ಟು ಎಂಬುದನ್ನಲ್ಲ. ಅದಕ್ಕೆ ಕಟ್ಟುವಾಗಿನ ಚಿತ್ರವೂ ತಕ್ಕಡಿಯ ಚಿತ್ರವೂ ಬೇರೆಯೇ ಬೇಕು.

ಈಗ ಹುಡುಗ ಬಂದರೆ ಜಗುಲಿಯ ಮೇಲೆ ಕುಳಿತು ತಾನೇ ಅಂಕೆಗಳನ್ನು ಗಟ್ಟಿಯಾಗಿ ಓದುತ್ತಾನೆ. ಹನ್ನೆರಡು ಕಟ್ಟಿಗೆ ಹತ್ತು ನಿಮಿಷ ಹಿಡಿಯುತ್ತದೆ. ಮೊನ್ನೆ ಮಳೆ ಬರುವಂತಿದ್ದಾಗ ಬೇಗ ಮುಗಿಸೋಣವೆಂದು ನಾನೇ ಅವಸರಪಟ್ಟೆ. “ಇರಲಿ ಸರ್, ಪೂರ್ತಿ ಓದಿಬಿಡೋಣ,” ಎಂದ. ರುಜು ಮಾಡಿದ ಪಟ್ಟಿಯ ಒಂದು ಪ್ರತಿಯನ್ನು ಮಡಿಸಿ ತನ್ನ ಜೇಬಿನಲ್ಲಿ ಇಟ್ಟುಕೊಂಡ. ಆ ಎರಡನೆಯ ಪ್ರತಿ ಯಾರ ರಕ್ಷಣೆಗೆಂಬುದು ನನಗೆ ಆಗ ಸರಿಯಾಗಿ ತಿಳಿಯಿತು.