ಕಾಯಿಹಾಲು ಹಾಲಿನ ಜಾಗ ತುಂಬೀತೇ?

ಭಟ್ಕಳದಿಂದ ಕುಮಟಾದವರೆಗಿನ ಕರಾವಳಿಯಲ್ಲಿ ಕಾಯಿಹಾಲು ದಿನಬಳಕೆಯ ವಸ್ತು. ಭಟ್ಕಳದ ನವಾಯತರ ಮೀನುಸಾರಿಗೆ ಅದು ಬೇಕು, ಹೊನ್ನಾವರದ ಮನೆಗಳಲ್ಲಿ ಒತ್ತುಶ್ಯಾವಿಗೆಯ ಜೊತೆಗೆ ಬೆಲ್ಲ ಸೇರಿಸಿದ ಕಾಯಿಹಾಲು ಬೇಕು, ಕುಮಟಾದ ಕೊಂಕಣಿ ಮನೆಗಳ ಸೋಲ್‌ಕಡಿಗೂ ಅದೇ ಬೇಕು. ಹಾಗಾಗಿ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಇಲ್ಲಿ ಸಿಗುವ ಮೊದಲ ಸಲಹೆ ಒಂದೇ: ಮನೆ ಹಿಂದೆ ತೆಂಗಿನಮರ ಇದೆಯಲ್ಲ, ಕಾಯಿಹಾಲು ಕುಡಿಯಿರಿ. ಈ ಸಲಹೆ ಅರ್ಧ ಸರಿ. ಉಳಿದ ಅರ್ಧವನ್ನು ತಿಳಿಯದೆ ಪಾಲಿಸಿದರೆ ತೊಂದರೆಯಾಗುತ್ತದೆ.

ಕಾಯಿಹಾಲು ಡೈರಿ ಪದಾರ್ಥವಲ್ಲ. ನಮ್ಮ ದೇಶದ ಆಹಾರ ನಿಯಮಗಳ ಪ್ರಕಾರ ಹಾಲು ಎಂದರೆ ಹಾಲು ಕೊಡುವ ಪ್ರಾಣಿಯ ಕೆಚ್ಚಲಿನಿಂದ ಕರೆದದ್ದು. ಸೋಯಾ, ಬಾದಾಮಿ ಪೇಯಗಳ ಪೊಟ್ಟಣದ ಮೇಲೆ ‘ಮಿಲ್ಕ್’ ಎಂದು ಬರೆಯಬಾರದೆಂದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2021ರಲ್ಲಿ ಕಟ್ಟುನಿಟ್ಟು ಮಾಡಿದಾಗಲೂ ಕೋಕೊನಟ್ ಮಿಲ್ಕ್‌ಗೆ ವಿನಾಯಿತಿ ಸಿಕ್ಕಿತು. ಅದು ಹಾಲಿಗೆ ಸಮ ಎಂಬ ಕಾರಣಕ್ಕಲ್ಲ. ತಲೆಮಾರುಗಳಿಂದ ಬಳಕೆಯಲ್ಲಿರುವ ಹೆಸರಾದ್ದರಿಂದ ಯಾರೂ ಅದನ್ನು ಆಕಳ ಹಾಲೆಂದು ತಿಳಿದು ಮೋಸಹೋಗುವುದಿಲ್ಲ ಎಂಬುದೇ ಆ ವಿನಾಯಿತಿಯ ಹಿಂದಿನ ತರ್ಕ.

ಹಾಗಾದರೆ ಅದು ಏನು? ಬಲಿತ ಕಾಯಿಯನ್ನು ತುರಿದು, ಸ್ವಲ್ಪ ಬೆಚ್ಚಗಿನ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿದಾಗ ಬರುವ ಮೊದಲ ದಪ್ಪಹಾಲಿನಲ್ಲಿ ನೂರು ಗ್ರಾಂಗೆ 20ರಿಂದ 24 ಗ್ರಾಂ ಕೊಬ್ಬು ಇರುತ್ತದೆ. ಅದೇ ಚರಟಕ್ಕೆ ಮತ್ತೆ ನೀರು ಹಾಕಿ ಹಿಂಡಿದರೆ ತೆಳುಹಾಲು. ತೆಂಗಿನ ತಿರುಳು ಮೊಳಕೆಗಾಗಿ ಕೂಡಿಟ್ಟ ಎಣ್ಣೆ ಹಿಂಡುವಾಗ ಸಣ್ಣ ಸಣ್ಣ ಹನಿಗಳಾಗಿ ನೀರಿನಲ್ಲಿ ಹರಡುತ್ತದೆ. ಪ್ರತಿ ಹನಿಯ ಸುತ್ತ ತೆಂಗಿನದೇ ಪ್ರೋಟೀನಿನ ತೆಳ್ಳಗಿನ ಹೊದಿಕೆ ಇರುವುದರಿಂದ ಎಣ್ಣೆ ಕೂಡಲೇ ನೀರಿನಿಂದ ಬೇರೆಯಾಗುವುದಿಲ್ಲ. ಈ ಹನಿಗಳು ಬೆಳಕನ್ನು ಚದುರಿಸುವುದರಿಂದ ನಮಗೆ ಬಿಳಿ ಕಾಣುತ್ತದೆ. ಪಾತ್ರೆಯಲ್ಲಿ ಒಂದೆರಡು ತಾಸು ಬಿಟ್ಟರೆ ಹಗುರವಾದ ಕೊಬ್ಬು ಮೇಲಕ್ಕೆ ಬಂದು ದಪ್ಪ ಪದರವಾಗುತ್ತದೆ, ಅಡಿಯಲ್ಲಿ ಮಬ್ಬು ನೀರು ಉಳಿಯುತ್ತದೆ.

ಈ ಹೊದಿಕೆ ಬಹಳ ಸೂಕ್ಷ್ಮ. ಸಾರಿಗೆ ತೆಳುಹಾಲನ್ನು ಮೊದಲು ಹಾಕಿ ಕುದಿಸಿ, ದಪ್ಪಹಾಲನ್ನು ಕೊನೆಗೆ ಹಾಕಿ, ಒಂದು ಬಿಸಿ ಬರುತ್ತಿದ್ದಂತೆ ಒಲೆಯಿಂದ ಇಳಿಸುವ ಪದ್ಧತಿ ಇರುವುದು ಇದಕ್ಕೇ. 80 ಡಿಗ್ರಿ ದಾಟಿದ ಮೇಲೆ ತೆಂಗಿನ ಪ್ರೋಟೀನು ಗಡ್ಡೆಕಟ್ಟತೊಡಗುತ್ತದೆ, ಹನಿಗಳು ಒಂದಕ್ಕೊಂದು ಸೇರಿ ಎಣ್ಣೆ ಮೇಲೆ ತೇಲುತ್ತದೆ. ಹುಳಿ ಹೆಚ್ಚಾದರೂ ಹೀಗೇ ಒಡೆಯುತ್ತದೆ. ಸೋಲ್‌ಕಡಿಗೆ ಮುರುಗಲು ಹುಳಿಯ ನೀರನ್ನು ತಣ್ಣಗೇ ಬೆರೆಸುವುದು, ಬೆರೆಸಿದ ಮೇಲೆ ಕುದಿಸದಿರುವುದು ಎರಡೂ ಇದಕ್ಕಾಗಿಯೇ. ಕುದಿಯುವ ಚಹಾಕ್ಕೆ ಕಾಯಿಹಾಲು ಸುರಿದವರು ಮೇಲೆ ಎಣ್ಣೆಯ ಕಣ್ಣುಗಳನ್ನೂ ಬಿಳಿ ಚೂರುಗಳನ್ನೂ ಕಂಡಿರುತ್ತಾರೆ. ಕಾಯಿ ಹಳಸಿದೆ ಎಂದು ಚೆಲ್ಲಬೇಕಾಗಿಲ್ಲ, ಅದು ಕಾಯಿಹಾಲಿನ ಸ್ವಭಾವ.

ಆಕಳ ಹಾಲಿನ ರಚನೆ ಬೇರೆ. ಅದರಲ್ಲಿ ಕೊಬ್ಬಿನ ಹನಿಗಳ ಜೊತೆಗೆ ಕೇಸಿನ್ ಎಂಬ ಪ್ರೋಟೀನು ಪುಟ್ಟ ಗೊಂಚಲುಗಳಾಗಿ ತೇಲುತ್ತಿರುತ್ತದೆ. ಹಾಲಿನ ಕ್ಯಾಲ್ಸಿಯಂನ ಬಹುಪಾಲು ಆ ಗೊಂಚಲುಗಳೊಳಗೆ ಫಾಸ್ಫೇಟಿನೊಂದಿಗೆ ಕಟ್ಟಿಕೊಂಡಿರುತ್ತದೆ. ಹೆಪ್ಪು ಹಾಕಿದಾಗ ಹಾಲು ಗಟ್ಟಿ ಮೊಸರಾಗುವುದು ಈ ಗೊಂಚಲುಗಳು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ. ಕಾಯಿಹಾಲಿನಲ್ಲಿ ಕೇಸಿನ್ ಇಲ್ಲ. ಹೆಪ್ಪು ಹಾಕಿದರೆ ಹುಳಿಯಾಗುತ್ತದೆ, ಆದರೆ ಹಾಲಿನಂತೆ ಕೆನೆಗಟ್ಟಿದ ಮೊಸರಾಗುವುದಿಲ್ಲ. ಕ್ಯಾಲ್ಸಿಯಂ ಕೂಡ ನೆಪಕ್ಕಷ್ಟೇ.

ಇನ್ನು ಹೊಟ್ಟೆಯ ವಿಷಯ. ಹಾಲಿನ ಸಿಹಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿಂದ ಬರುತ್ತದೆ. ಆಕಳ ಹಾಲಿನಲ್ಲಿ ನೂರು ಗ್ರಾಂಗೆ 5 ಗ್ರಾಂಗೆ ಹತ್ತಿರ. ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಜೋಡಿಯಾದ ಈ ಸಕ್ಕರೆ ಇದ್ದಂತೆಯೇ ರಕ್ತಕ್ಕೆ ಸೇರಲಾರದು. ಸಣ್ಣಕರುಳಿನ ಗೋಡೆಯಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವ ಅದನ್ನು ಎರಡಾಗಿ ತುಂಡರಿಸಬೇಕು. ಎಳೆಗೂಸುಗಳಲ್ಲಿ ಈ ಕಿಣ್ವ ಧಾರಾಳವಾಗಿರುತ್ತದೆ. ಎದೆಹಾಲು ಬಿಟ್ಟು ವರ್ಷಗಳು ಕಳೆದಂತೆ ಹೆಚ್ಚಿನವರಲ್ಲಿ ಅದರ ಉತ್ಪಾದನೆ ತಗ್ಗುತ್ತದೆ. ಇದು ರೋಗವಲ್ಲ, ಸಸ್ತನಿಗಳ ಸಹಜ ರೀತಿ. ದೊಡ್ಡವರಾದ ಮೇಲೂ ಕಿಣ್ವ ಉಳಿಯುವಂತೆ ಮಾಡುವ ವಂಶವಾಹಿ ರೂಪಾಂತರ ಭಾರತದಲ್ಲಿ ವಾಯವ್ಯದಿಂದ ದಕ್ಷಿಣಕ್ಕೆ ಬಂದಂತೆ ವಿರಳವಾಗುತ್ತದೆ. ಆದ್ದರಿಂದ ದಕ್ಷಿಣದ ವಯಸ್ಕರಲ್ಲಿ ಬಹುಪಾಲು ಜನರಿಗೆ ಲ್ಯಾಕ್ಟೇಸ್ ಕಡಿಮೆಯೇ.

ತುಂಡಾಗದ ಲ್ಯಾಕ್ಟೋಸ್ ದೊಡ್ಡಕರುಳಿಗೆ ಇಳಿಯುತ್ತದೆ. ಅಲ್ಲಿಯ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅನಿಲ ಹೊರಬಿಡುತ್ತವೆ, ಸಕ್ಕರೆ ನೀರನ್ನೂ ಎಳೆದುಕೊಳ್ಳುತ್ತದೆ. ಹೊಟ್ಟೆ ಉಬ್ಬರ, ಗುಡುಗುಡು, ಭೇದಿ ಎಲ್ಲ ಬರುವುದು ಇದರಿಂದಲೇ, ಸಾಮಾನ್ಯವಾಗಿ ಹಾಲು ಕುಡಿದ ಅರ್ಧ ತಾಸಿನಿಂದ ಎರಡು ತಾಸಿನೊಳಗೆ. ಆ ಅನಿಲದಲ್ಲಿರುವ ಹೈಡ್ರೋಜನ್‌ನ ಒಂದು ಭಾಗ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಬರುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಲ್ಯಾಕ್ಟೋಸ್ ಕುಡಿಸಿ ಉಸಿರಿನ ಹೈಡ್ರೋಜನ್ ಅಳೆಯುವ ಪರೀಕ್ಷೆ ನಡೆಯುವುದು ಹೀಗೆ. ಆ ಸೌಲಭ್ಯ ಇಲ್ಲದವರು ಎರಡು ವಾರ ಹಾಲಿನ ಪದಾರ್ಥ ಪೂರ್ತಿ ಬಿಟ್ಟು, ಆಮೇಲೆ ಒಂದು ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಹಾಲು ಕುಡಿದು ನೋಡಿದರೂ ಸಾಕಷ್ಟು ತಿಳಿಯುತ್ತದೆ. ತೂಕ ಇಳಿಯುವುದು, ಮಲದಲ್ಲಿ ರಕ್ತ, ಜ್ವರ ಇದ್ದರೆ ಮಾತ್ರ ಲ್ಯಾಕ್ಟೋಸಿನ ಲೆಕ್ಕ ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು.

ಕಾಯಿಹಾಲಿನಲ್ಲಿ ಲ್ಯಾಕ್ಟೋಸ್ ಇಲ್ಲವೇ ಇಲ್ಲ. ಅದರ ಅಲ್ಪ ಸಿಹಿ ಬಹುತೇಕ ನಾವು ಚಹಾಕ್ಕೆ ಹಾಕುವ ಸಕ್ಕರೆಯದೇ ಜಾತಿಯದು. ಆದ್ದರಿಂದ ಪಾಯಸಕ್ಕೆ, ಸಾರಿಗೆ, ಶ್ಯಾವಿಗೆಗೆ ಹಾಲಿನ ಬದಲು ಕಾಯಿಹಾಲು ಹಾಕಿದರೆ ಆ ಹೊಟ್ಟೆನೋವು ಬರುವುದಿಲ್ಲ. ಅಡುಗೆಯಲ್ಲಿ ಅದು ಹಾಲಿನ ಜಾಗ ಧಾರಾಳವಾಗಿ ತುಂಬುತ್ತದೆ. ಲೋಟದಲ್ಲಿ ತುಂಬುತ್ತದೆಯೇ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ದಿನಕ್ಕೆ ಎರಡು ಲೋಟ, ಅಂದರೆ 400 ಮಿಲಿಲೀಟರ್ ಹಾಲು ಕುಡಿಯುತ್ತಿದ್ದ ನಡುವಯಸ್ಸಿನ ಗೃಹಿಣಿಯೊಬ್ಬರು ಕುಮಟಾದಲ್ಲಿದ್ದಾರೆ ಎಂದುಕೊಳ್ಳೋಣ. ಆ ಹಾಲಿನಿಂದ ಅವರಿಗೆ ಸುಮಾರು 13 ಗ್ರಾಂ ಪ್ರೋಟೀನು, 480 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತಿತ್ತು. ವಯಸ್ಕರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1000 ಮಿಲಿಗ್ರಾಂ ಎಂದು ಐಸಿಎಂಆರ್ 2020ರಲ್ಲಿ ಹೇಳಿದೆ. ಎಂದರೆ ದಿನದ ಅಗತ್ಯದ ಅರ್ಧಭಾಗ ಆ ಎರಡು ಲೋಟಗಳಲ್ಲಿತ್ತು. ಈಗ ಅಷ್ಟೇ ಪ್ರಮಾಣದ ದಪ್ಪ ಕಾಯಿಹಾಲು ಕುಡಿದರೆ ಸುಮಾರು 90 ಗ್ರಾಂ ಕೊಬ್ಬು, 900 ಕ್ಯಾಲೊರಿಯಷ್ಟು ಹೊಟ್ಟೆಗೆ ಹೋಗುತ್ತದೆ. ಆ ಕೊಬ್ಬಿನ ಹತ್ತರಲ್ಲಿ ಒಂಬತ್ತು ಪಾಲು ಸ್ಯಾಚುರೇಟೆಡ್. ಕ್ಯಾಲ್ಸಿಯಂ ಮಾತ್ರ 60 ಮಿಲಿಗ್ರಾಂ ಆಸುಪಾಸು. ಅಷ್ಟು ದಪ್ಪ ಯಾರೂ ಕುಡಿಯುವುದಿಲ್ಲ, ನೀರು ಬೆರೆಸುತ್ತಾರೆ ಎನ್ನಬಹುದು. ಕೊಬ್ಬು ಆಕಳ ಹಾಲಿನ ಮಟ್ಟಕ್ಕೆ ಬರಬೇಕಾದರೆ ಒಂದು ಪಾಲು ದಪ್ಪಹಾಲಿಗೆ ಐದಾರು ಪಾಲು ನೀರು ಬೇಕು. ಆಗ ಒಂದು ಲೋಟದಲ್ಲಿ ಉಳಿಯುವ ಪ್ರೋಟೀನು ಒಂದು ಗ್ರಾಂಗಿಂತ ಕಡಿಮೆ, ಕಾಯಿಯಿಂದ ಬಂದ ಕ್ಯಾಲ್ಸಿಯಂ 5 ಮಿಲಿಗ್ರಾಂ. ದಪ್ಪ ಮಾಡಿದರೆ ಕೊಬ್ಬು ವಿಪರೀತ, ತೆಳು ಮಾಡಿದರೆ ಬಿಳಿ ನೀರು. ಇವೆರಡರ ನಡುವೆ ಹಾಲಿಗೆ ಸಮನಾದ ಹದ ಯಾವುದೂ ಇಲ್ಲ.

ಹಾಗೆಂದು ಆ ಗೃಹಿಣಿ ಹಾಲನ್ನು ಪೂರ್ತಿ ಬಿಡಬೇಕಾದ ಅಗತ್ಯವೂ ಬಹುಶಃ ಇಲ್ಲ. ಲ್ಯಾಕ್ಟೇಸ್ ಕಡಿಮೆಯಿರುವ ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಂ ಲ್ಯಾಕ್ಟೋಸನ್ನು, ಅದರಲ್ಲೂ ಊಟದ ಜೊತೆಗೆ, ಹೆಚ್ಚು ತೊಂದರೆಯಿಲ್ಲದೆ ತಡೆದುಕೊಳ್ಳುತ್ತಾರೆ. ಚಹಾಕ್ಕೆ ಹಾಕುವ 50 ಮಿಲಿಲೀಟರ್ ಹಾಲಿನಲ್ಲಿ ಇರುವುದು ಎರಡೂವರೆ ಗ್ರಾಂ. ಜನ ಮೊದಲು ಬಿಡುವುದು ಚಹಾದ ಹಾಲನ್ನು, ಬಿಡಬೇಕಾದದ್ದು ಒಂದೇ ಗುಟುಕಿಗೆ ಕುಡಿಯುವ ದೊಡ್ಡ ಲೋಟದ ಹಾಲನ್ನು. ಮೊಸರಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲನ್ನು ಮೊದಲೇ ತಿಂದಿರುತ್ತದೆ. ಉಳಿದದ್ದನ್ನು ಒಡೆಯುವ ಕಿಣ್ವವನ್ನು ಜೊತೆಯಲ್ಲೇ ನಮ್ಮ ಕರುಳಿಗೆ ತರುತ್ತದೆ. ಕುದಿಸದೆ ತಿನ್ನಬೇಕು ಅಷ್ಟೇ, ಕುದಿಸಿದರೆ ಆ ಕಿಣ್ವ ಕೆಡುತ್ತದೆ. ಈ ಕಡೆಯ ತಂಬಳಿ ಇದಕ್ಕೆ ಹೇಳಿ ಮಾಡಿಸಿದ ಅಡುಗೆ: ಕಾಯಿ ರುಬ್ಬಿ, ತಣ್ಣಗಿನ ಮಜ್ಜಿಗೆಯಲ್ಲಿ ಕಲಸಿ, ಕುದಿಸದೆ ಉಣ್ಣುವುದು.

ಎರಡು ಲೋಟದ ಕ್ಯಾಲ್ಸಿಯಂ ಹೀಗೆ ತುಂಬಬಹುದು. ಹಗಲಿಗೆ 200 ಗ್ರಾಂ ಮೊಸರು ಅಥವಾ ಅಷ್ಟು ಮೊಸರಿನ ಮಜ್ಜಿಗೆ, ಎರಡು ಊಟಕ್ಕೆ ಹಂಚಿಕೊಂಡು, ಸುಮಾರು 240 ಮಿಲಿಗ್ರಾಂ. 60 ಗ್ರಾಂ ರಾಗಿಯಲ್ಲಿ 200ರ ಮೇಲೆ. ರಾಗಿಯ ಹಾಲು ತೆಗೆದು ಬೆಲ್ಲ, ಕಾಯಿಹಾಲು ಹಾಕಿ ಮಣ್ಣಿ ಮಾಡಿದರೆ ಕಾಯಿಹಾಲಿಗೂ ಸರಿಯಾದ ಜಾಗ ಸಿಕ್ಕಂತೆ. ಆದರೆ ಸೋಸಿದ ಚರಟವನ್ನು ಎಸೆದರೆ ರಾಗಿಯ ಕ್ಯಾಲ್ಸಿಯಂನ ಪಾಲೂ ಅದರೊಂದಿಗೆ ಹೋಗುತ್ತದೆ, ಹಿಟ್ಟನ್ನೇ ಕಾಸುವುದು ಲೇಸು. ಮೀನು ತಿನ್ನುವವರಿಗೆ ಮುಳ್ಳುಸಮೇತ ಅಗಿಯಬಹುದಾದ ಸಣ್ಣ ತಾರ್ಲೆ, ತಿನ್ನದವರಿಗೆ ನುಗ್ಗೆಸೊಪ್ಪು. ಬಸಳೆಯಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಅದನ್ನು ಹಿಡಿದಿಡುತ್ತದೆ, ಅದನ್ನು ಲೆಕ್ಕಕ್ಕೆ ಸೇರಿಸಬೇಡಿ.

ಕೂಸುಗಳ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ: ಒಂದು ವರ್ಷದೊಳಗಿನ ಮಗುವಿಗೆ ಎದೆಹಾಲಿನ ಬದಲು ಕಾಯಿಹಾಲು ಕುಡಿಸಲೇಬಾರದು. ಎದೆಹಾಲಿನಲ್ಲಿ ಆಕಳ ಹಾಲಿಗಿಂತಲೂ ಹೆಚ್ಚು, ನೂರಕ್ಕೆ 7ರಷ್ಟು ಲ್ಯಾಕ್ಟೋಸ್ ಇದೆ, ಕೂಸಿಗೆ ಅದು ಹೊಂದುತ್ತದೆ. ಹುಟ್ಟಿನಿಂದಲೇ ಲ್ಯಾಕ್ಟೇಸ್ ಇಲ್ಲದ ಮಕ್ಕಳು ಅತ್ಯಂತ ವಿರಳ. ಜೋರು ಭೇದಿಯಾದ ಮೇಲೆ ಕರುಳಿನ ಒಳಪದರ ಸವೆದು ಕೆಲವು ವಾರ ಹಾಲು ಅರಗದೆ ಹೋಗಬಹುದು, ಪದರ ಮತ್ತೆ ಬೆಳೆದಂತೆ ಸರಿಯಾಗುತ್ತದೆ. ಆ ದಿನಗಳಲ್ಲೂ ಎದೆಹಾಲು ನಿಲ್ಲಿಸಬಾರದು.

ಹಾಲಿನ ಅಲರ್ಜಿ ಇದೆಲ್ಲಕ್ಕಿಂತ ಬೇರೆ. ಅದು ಸಕ್ಕರೆಯ ತಕರಾರಲ್ಲ, ಹಾಲಿನ ಪ್ರೋಟೀನಿನ ವಿರುದ್ಧ ದೇಹ ಏಳುವುದು. ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಬರಬಹುದು, ಒಂದು ಹನಿಯೂ ಅಪಾಯ. ಇಂಥವರಿಗೆ ಮನೆಯಲ್ಲಿ ಹಿಂಡಿದ ಕಾಯಿಹಾಲು ಸುರಕ್ಷಿತ. ಅಂಗಡಿಯ ಕಾಯಿಹಾಲಿನ ಪುಡಿ ಹಾಗಲ್ಲ. ಎಣ್ಣೆಯ ಹನಿಗಳನ್ನು ಪುಡಿಯಾಗಿ ಒಣಗಿಸುವಾಗ ತೆಂಗಿನ ಪ್ರೋಟೀನು ಸಾಲದೆ ಹಲವು ತಯಾರಕರು ಸೋಡಿಯಂ ಕೇಸಿನೇಟ್ ಸೇರಿಸುತ್ತಾರೆ. ಅದು ಹಾಲಿನಿಂದಲೇ ತೆಗೆದ ಪ್ರೋಟೀನು. ಲ್ಯಾಕ್ಟೋಸ್ ಅರಗದವರಿಗೆ ಅದರಿಂದ ಸಾಮಾನ್ಯವಾಗಿ ಏನೂ ಆಗದು, ಅಲರ್ಜಿ ಇರುವವರು ಪೊಟ್ಟಣದ ಹಿಂಬದಿಯ ಸಣ್ಣಕ್ಷರದಲ್ಲಿ ಆ ಹೆಸರಿದೆಯೇ ಎಂದು ನೋಡಿಯೇ ಕೊಳ್ಳಬೇಕು.